ವಾರ್ಡಿಗೆಲ್ಲ ಒಂದೇ ಪಾಸ್‌ವರ್ಡ್ ಇನ್ನಿಲ್ಲ: ಆ ನೋಟಿಸ್ ಬರೆದವಳ ಮಾತು

(ಈ ಸಂಚಿಕೆಯ ಅಕ್ಷರರೂಪ. ಓದೋಕೆ ಅನುಕೂಲವಾಗಲಿ ಅಂತ ಮಾತನ್ನು ಅಲ್ಲಲ್ಲಿ ಸ್ವಲ್ಪ ಒಪ್ಪ ಮಾಡಲಾಗಿದೆ.)



ನಾನು 14 ವರ್ಷ ವಾರ್ಡಲ್ಲಿ ನರ್ಸ್ ಆಗಿದ್ದೆ. ಅದರಲ್ಲಿ ಕೊನೆಯ 5 ವರ್ಷ ಇನ್‌ಚಾರ್ಜ್ ಸಿಸ್ಟರ್. ಈಗ ಅದೇ ಆಸ್ಪತ್ರೆಯಲ್ಲಿ ಐಟಿ ವಿಭಾಗದವರ ಜೊತೆ ಕೂತು, ನರ್ಸ್‌ಗಳು ಬಳಸೋ ಸಾಫ್ಟ್‌ವೇರ್ ನೋಡ್ಕೊಳ್ತೀನಿ. ಆಸ್ಪತ್ರೆ ಹೆಸರು ಹೇಳಲ್ಲ. ಯಾಕಂದ್ರೆ ಈಗ ಹೇಳೋ ಕಥೆಯಲ್ಲಿ ತಪ್ಪು ನಮ್ಮದೇ. ಅದರಲ್ಲೂ ಒಂದು ಪಾಲು ನನ್ನದು.

ಕೆಲವು ತಿಂಗಳ ಹಿಂದೆ ನಮ್ಮ ಎಲ್ಲ ವಾರ್ಡ್‌ಗಳಿಗೂ ಒಂದು ನೋಟಿಸ್ ಹೋಯ್ತು. ವಿಷಯ ಇಷ್ಟೇ: ವಾರ್ಡಿನ ಹೆಸರಲ್ಲಿರೋ ಲಾಗಿನ್ ಇನ್ನು ಇರಲ್ಲ, ಪ್ರತಿಯೊಬ್ಬರಿಗೂ ಅವರವರದೇ ಅಕೌಂಟ್. ಅದನ್ನ ಬರೆದವಳು ನಾನೇ. ಒಂದು ಸಲ ಅಲ್ಲ, ಎರಡು ಸಲ ಬರೆದೆ. ಮೊದಲನೇದು ಸೋತಿತು. ಯಾಕೆ ಸೋತಿತು, ಎರಡನೇದರಲ್ಲಿ ಏನು ಬದಲಾಯಿಸಿದೆ ಅನ್ನೋದೇ ಇವತ್ತಿನ ಮಾತು.

ಮಾನಿಟರ್ ಮೇಲಿನ ಬಿಳಿ ಪ್ಲಾಸ್ಟರ್

ಮೊದಲು ನಮ್ಮ ವಾರ್ಡ್ ಹೇಗಿತ್ತು ಅಂತ ಹೇಳ್ತೀನಿ. ನಾಲ್ಕನೇ ವಾರ್ಡ್, 16 ಬೆಡ್, ಜನರಲ್ ಮೆಡಿಸಿನ್. ನರ್ಸಿಂಗ್ ಸ್ಟೇಷನ್‌ನಲ್ಲಿ ಒಂದು ಕಂಪ್ಯೂಟರ್, ಜೊತೆಗೆ ಚಕ್ರದ ಟ್ರಾಲಿ ಮೇಲೆ ಇನ್ನೊಂದು. ಯಾವ ಪೇಷಂಟ್‌ಗೆ ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟೆವು ಅಂತ ಮೊದಲು ಕೇಸ್ ಶೀಟಲ್ಲಿ ಪೆನ್ನಲ್ಲಿ ಬರೆದು ಸಹಿ ಹಾಕ್ತಿದ್ವಿ. ಆಮೇಲೆ ಅದು ಕಂಪ್ಯೂಟರಿಗೆ ಬಂತು. ಔಷಧಿ ಕೊಟ್ಟ ತಕ್ಷಣ ಹೋಗಿ ಎಂಟ್ರಿ ಮಾಡ್ಬೇಕು.

ಲಾಗಿನ್ ಹೆಸರು WARD4. ಪಾಸ್‌ವರ್ಡ್ ನಾನೇ ಇಟ್ಟಿದ್ದು. ಬ್ಯಾಂಡೇಜ್ ಅಂಟಿಸೋ ಬಿಳಿ ಪ್ಲಾಸ್ಟರ್ ಒಂದು ತುಂಡು ಹರಿದು, ಅದರ ಮೇಲೆ ಪಾಸ್‌ವರ್ಡ್ ಬರೆದು, ಮಾನಿಟರ್ ಕೆಳಗೆ ಅಂಟಿಸಿದವಳೂ ನಾನೇ. ಬೆಳಿಗ್ಗೆ 8ಕ್ಕೆ ಒಬ್ಬರು ಲಾಗಿನ್ ಆದ್ರೆ ಮಾರನೇ ದಿನ ಬೆಳಿಗ್ಗೆವರೆಗೂ ಅದು ಹಾಗೇ ತೆರೆದಿರ್ತಿತ್ತು.

ಇದನ್ನ ಸೋಮಾರಿತನ ಅಂದ್ಕೋಬೇಡಿ. ಒಂದು ದಿನ ಕುತೂಹಲಕ್ಕೆ ಲೆಕ್ಕ ಇಟ್ಟೆ. ಒಂದು ಶಿಫ್ಟಲ್ಲಿ ನಾನೊಬ್ಬಳೇ 43 ಸಲ ಕಂಪ್ಯೂಟರ್ ಹತ್ತಿರ ಹೋಗಿದ್ದೆ. ನಮ್ಮ ಹಳೇ ಕಂಪ್ಯೂಟರಲ್ಲಿ ಹೊಸದಾಗಿ ಲಾಗಿನ್ ಆಗೋಕೆ ಹತ್ತಿರ ಹತ್ತಿರ 50 ಸೆಕೆಂಡ್ ಬೇಕು. ಪ್ರತಿ ಸಲ ಹಾಗೆ ಮಾಡಿದ್ರೆ 36 ನಿಮಿಷ ಬರೀ ತಿರುಗೋ ಚಕ್ರ ನೋಡ್ತಾ ನಿಂತಿರ್ಬೇಕು. ಆ ಕಡೆ ಬೆಲ್ ಹೊಡೀತಿರುತ್ತೆ, ಡ್ರಿಪ್ ಮುಗಿದಿರುತ್ತೆ, ಪೇಷಂಟ್ ಕಡೆಯವರು ಡಿಸ್ಚಾರ್ಜ್ ಸಮ್ಮರಿಗೆ ಬಂದು ನಿಂತಿರ್ತಾರೆ. ಅಂಥ ಜಾಗದಲ್ಲಿ ಎಲ್ಲರೂ ಒಂದೇ ಲಾಗಿನ್ ಬಳಸಿದ್ರೆ ಆಶ್ಚರ್ಯ ಇಲ್ಲ.

ಒಂಬತ್ತನೇ ಬೆಡ್‌ನ ಅಜ್ಜ

ಆ ಪ್ಲಾಸ್ಟರ್ ಅಂಟಿಸಿ ಸುಮಾರು 3 ವರ್ಷ ಆಗಿತ್ತು. ಒಂಬತ್ತನೇ ಬೆಡ್‌ನಲ್ಲಿ ವಯಸ್ಸಾದ ಅಜ್ಜ ಒಬ್ಬರಿದ್ರು. ಸಕ್ಕರೆ ಕಾಯಿಲೆ, ಕಾಲಲ್ಲಿ ಗಾಯ. ರಾತ್ರಿ ಊಟಕ್ಕೆ ಮುಂಚೆ 8 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಕೊಡ್ಬೇಕು ಅಂತ ಡಾಕ್ಟರ್ ಆರ್ಡರ್.

ನಮ್ಮಲ್ಲಿ ರಾತ್ರಿ 8ಕ್ಕೆ ಶಿಫ್ಟ್ ಬದಲಾಗುತ್ತೆ. ಸಂಜೆಯವರು ಹೊರಡೋ ತಯಾರಿಯಲ್ಲಿರ್ತಾರೆ, ರಾತ್ರಿಯವರು ಸ್ವಲ್ಪ ಮುಂಚೆ ಬಂದು ಫೈಲ್ ನೋಡ್ತಿರ್ತಾರೆ. ಒಂದೇ ಮೇಜಿನ ಸುತ್ತ ಎರಡು ಶಿಫ್ಟಿನ ಜನ. ಆ ದಿನ ಸಂಜೆ ಡ್ಯೂಟಿಯಲ್ಲಿದ್ದದ್ದು ಅನುಭವಿ ಸಿಸ್ಟರ್. ರಾತ್ರಿಗೆ ಬಂದದ್ದು ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗದ ಒಬ್ಬ ಹುಡುಗಿ.

ರಾತ್ರಿ 10 ಗಂಟೆ ಹೊತ್ತಿಗೆ ಅಜ್ಜನಿಗೆ ಮೈಯೆಲ್ಲ ಬೆವರು, ಮಾತು ತೊದಲ್ತಿದೆ. ಆ ಹುಡುಗಿಯೇ ನೋಡಿ ಬೆರಳು ಚುಚ್ಚಿ ಜಿಆರ್‌ಬಿಎಸ್ ಮಾಡಿದ್ಲು. 46 ಬಂತು. 70ಕ್ಕಿಂತ ಕೆಳಗೆ ಹೋದ್ರೇ ಸಕ್ಕರೆ ಕಡಿಮೆ ಅಂತ ನಾವು ಎಚ್ಚೆತ್ಕೋಬೇಕು. 46 ಅಂದ್ರೆ ಓಡ್ಬೇಕು. ಡ್ಯೂಟಿ ಡಾಕ್ಟರ್ ಬಂದ್ರು, 25% ಡೆಕ್ಸ್‌ಟ್ರೋಸ್ 100 ಎಂಎಲ್ ರಕ್ತನಾಳಕ್ಕೆ ಹೋಯ್ತು, 15 ನಿಮಿಷ ಬಿಟ್ಟು ನೋಡಿದಾಗ 118. ಅಜ್ಜ ಕಣ್ಣು ಬಿಟ್ಟು ನೀರು ಕೇಳಿದ್ರು.

ಆಮೇಲೆ ಡಾಕ್ಟರ್ ಕೇಳಿದ ಪ್ರಶ್ನೆ ಸರಳವಾಗಿತ್ತು: "ಇನ್ಸುಲಿನ್ ಎಷ್ಟು ಹೋಗಿದೆ?" ಕಂಪ್ಯೂಟರ್ ತೆಗೆದು ನೋಡಿದ್ರೆ ಹೀಗಿತ್ತು.

```
19:42  WARD4  INSULIN R 8 UNITS  GIVEN  BED 9
19:58  WARD4  INSULIN R 8 UNITS  GIVEN  BED 9
```

ಕೇಳ್ತಿರೋರಿಗೆ ಹೇಳ್ತೀನಿ. ಎರಡು ಸಾಲಿದೆ. 7 ಗಂಟೆ 42 ನಿಮಿಷಕ್ಕೆ 8 ಯೂನಿಟ್ ಕೊಟ್ಟಿದೆ ಅಂತ ಒಂದು, 7 ಗಂಟೆ 58 ನಿಮಿಷಕ್ಕೆ ಮತ್ತೆ 8 ಯೂನಿಟ್ ಕೊಟ್ಟಿದೆ ಅಂತ ಇನ್ನೊಂದು. ಎರಡರಲ್ಲೂ ಕೊಟ್ಟವರ ಹೆಸರಿನ ಜಾಗದಲ್ಲಿರೋದು WARD4.

ಈ ಎರಡು ಸಾಲಿಗೆ ಎರಡು ಅರ್ಥ ಸಾಧ್ಯ. ಒಬ್ಬರೇ ಒಂದೇ ಸಲ ಇಂಜೆಕ್ಷನ್ ಕೊಟ್ಟು, ಸಿಸ್ಟಂ ನಿಧಾನ ಇದ್ದದ್ರಿಂದ ಎರಡು ಸಲ ಸೇವ್ ಒತ್ತಿರಬಹುದು. ಹಾಗಿದ್ರೆ ಹೋಗಿರೋದು 8 ಯೂನಿಟ್. ಇಲ್ಲಾಂದ್ರೆ ಸಂಜೆಯವರು ಕೊಟ್ಟಿದ್ದು ಗೊತ್ತಿಲ್ಲದೆ ರಾತ್ರಿಯವರೂ ಕೊಟ್ಟಿರಬಹುದು. ಆಗ 16 ಯೂನಿಟ್. ಅಜ್ಜ ಊಟ ಅರ್ಧಕ್ಕೇ ಬಿಟ್ಟಿದ್ರು, ಹಾಗಾಗಿ ಬರೀ 8 ಯೂನಿಟ್‌ಗೇ ಸಕ್ಕರೆ ಇಷ್ಟು ಇಳಿದಿರೋದೂ ಸಾಧ್ಯ. ರೋಗಿಯ ಮೈ ನೋಡಿ ಉತ್ತರ ಹೇಳೋ ಹಾಗಿರಲಿಲ್ಲ.

ಇದು ಬರೀ ಲೆಕ್ಕದ ವ್ಯತ್ಯಾಸ ಅಲ್ಲ. ರೆಗ್ಯುಲರ್ ಇನ್ಸುಲಿನ್ ಕೊಟ್ಟು 2ರಿಂದ 4 ಗಂಟೆ ಹೊತ್ತಿಗೆ ಅದರ ಶಕ್ತಿ ತುತ್ತತುದಿಯಲ್ಲಿರುತ್ತೆ, ಪೂರ್ತಿ ಇಳಿಯೋಕೆ 6ರಿಂದ 8 ಗಂಟೆ ಬೇಕು. ಡೋಸ್ ಜಾಸ್ತಿ ಆದ್ರೆ ಇನ್ನೂ ಹೊತ್ತು ಹಿಡಿಯಬಹುದು. ಅಂದ್ರೆ 118ಕ್ಕೆ ಏರಿದ ಸಕ್ಕರೆ ನಡುರಾತ್ರಿ ಮತ್ತೆ ಕುಸಿಯಬಹುದು. 8 ಹೋಗಿದೆಯೋ 16 ಹೋಗಿದೆಯೋ ಅನ್ನೋದರ ಮೇಲೆ ಆ ರಾತ್ರಿಯ ಚಿಕಿತ್ಸೆ ನಿಂತಿತ್ತು.

ಬೇರೆ ಎಲ್ಲೂ ಉತ್ತರ ಸಿಗಲಿಲ್ಲ. ಇನ್ಸುಲಿನ್ ಬಾಟಲ್ ನೋಡೋಣ ಅಂದ್ರೆ, 10 ಎಂಎಲ್ ಬಾಟಲ್‌ನಲ್ಲಿ 400 ಯೂನಿಟ್ ಇರುತ್ತೆ, ನಾಲ್ಕೈದು ಪೇಷಂಟ್‌ಗಳಿಗೆ ಅದರಿಂದಲೇ ಎಳೆದಿರ್ತೀವಿ. 8 ಯೂನಿಟ್ ಅಂದ್ರೆ ಒಂದು ಎಂಎಲ್‌ನ ಐದನೇ ಒಂದು ಭಾಗ, ಕಣ್ಣಳತೆಗೆ ಸಿಗಲ್ಲ. ಸಿರಿಂಜ್ ಎಲ್ಲಾ ಡಬ್ಬಕ್ಕೆ ಬಿದ್ದಿದೆ. ಅಜ್ಜನನ್ನೇ ಕೇಳಿದ್ವಿ. "ಚುಚ್ಚಿದ್ರಮ್ಮ. ಎಷ್ಟು ಸಲ ಅಂತ ಹೇಗೆ ಹೇಳ್ಲಿ? ದಿನಾ ಎಷ್ಟೋ ಸಲ ಚುಚ್ತೀರಿ" ಅಂದ್ರು.

ಸಂಜೆ ಸಿಸ್ಟರ್ ಆಗಲೇ ಊರಿನ ಬಸ್ ಹತ್ತಿ ಹೋಗಿದ್ರು, ಫೋನ್ ನಾಟ್ ರೀಚಬಲ್. ಕೊನೆಗೆ ಡಾಕ್ಟರ್ 16 ಯೂನಿಟ್ ಹೋಗಿದೆ ಅಂತಲೇ ಲೆಕ್ಕ ಹಾಕಿ, ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿಸಿ, ಬೆಳಗಿನವರೆಗೆ ಗಂಟೆಗೊಂದು ಸಲ ಸಕ್ಕರೆ ನೋಡೋಕೆ ಹೇಳಿದ್ರು. ನಿದ್ದೆಗಣ್ಣಿನ ಅಜ್ಜನ ಬೆರಳಿಗೆ ರಾತ್ರಿಯಿಡೀ ಸೂಜಿ. ಅದೃಷ್ಟ, ಅವರಿಗೆ ಏನೂ ಆಗಲಿಲ್ಲ.

ಬೆರಳು ಯಾರದು?

ಬೆಳಿಗ್ಗೆ ವಿಚಾರಣೆ ಶುರುವಾಯ್ತು. ಸಂಜೆ ಸಿಸ್ಟರ್ ಹೇಳಿದ್ದು: "ನಾನು ಒಂದು ಸಲ ಕೊಟ್ಟೆ. ಸೇವ್ ಒತ್ತಿದಾಗ ಪೇಜ್ ಸುತ್ತುತ್ತಾ ಇತ್ತು. ಆಮೇಲೆ ಬಂದು ಮತ್ತೆ ಒತ್ತಿದ್ನಾ? ನೆನಪಿಲ್ಲ." ಆ ಹುಡುಗಿ ಹೇಳಿದ್ದು: "ನಾನು ಇನ್ಸುಲಿನ್ ಕೊಟ್ಟೇ ಇಲ್ಲ ಮೇಡಂ. ಹ್ಯಾಂಡೋವರ್‌ಗೆ ಅಂತ ಆ ಪೇಜ್ ತೆಗೆದು ನೋಡಿದೆ, ಅಷ್ಟೇ."

ಐಟಿಯವರನ್ನ ಕೇಳಿದ್ವಿ. ಯಾವ ಕಂಪ್ಯೂಟರಿಂದ ಎಂಟ್ರಿ ಆಗಿದೆ ಅಂತ ಅವರ ಹತ್ತಿರ ಇತ್ತು. ಎರಡೂ ನರ್ಸಿಂಗ್ ಸ್ಟೇಷನ್‌ನ ಕಂಪ್ಯೂಟರಿಂದಲೇ. ಕಾರಿಡಾರ್ ಕ್ಯಾಮೆರಾದಲ್ಲಿ ನೋಡಿದ್ರೆ ಆ ಹೊತ್ತಲ್ಲಿ ಇಬ್ಬರೂ ಅಲ್ಲೇ ನಿಂತಿದ್ದಾರೆ. ಕಂಪ್ಯೂಟರ್ ಯಾವುದು ಅಂತ ಗೊತ್ತಾಯ್ತು, ಬೆರಳು ಯಾರದು ಅಂತ ಗೊತ್ತಾಗಲಿಲ್ಲ.

ಗೊತ್ತಾಗದೇ ಇದ್ದಾಗ ಏನಾಗುತ್ತೆ ಅಂತ ನಿಮಗೂ ಗೊತ್ತು. ಹೊಸಬರ ಮೇಲೆ ಬರುತ್ತೆ. ಯಾರೂ ಬಾಯಿಬಿಟ್ಟು "ನೀನೇ ಮಾಡಿದ್ದು" ಅನ್ನಲಿಲ್ಲ. ಆದ್ರೆ ಮೆಮೊ ಹೋಗಿದ್ದು ಅವಳಿಗೆ. ಬೇರೆ ವಾರ್ಡಿಗೆ ಹಾಕಿದ್ರು. ಎರಡು ತಿಂಗಳಲ್ಲಿ ಕೆಲಸ ಬಿಟ್ಟಳು. ಆ ಅಜ್ಜನಿಗೆ ಹೋಗಿದ್ದು 8 ಯೂನಿಟ್ಟೋ 16 ಯೂನಿಟ್ಟೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಹುಡುಗಿ ತಪ್ಪು ಮಾಡಿರಲೂಬಹುದು, ಮಾಡದೇ ಇರಲೂಬಹುದು. ಮಾಡಿಲ್ಲ ಅಂತಾದ್ರೆ ಅದನ್ನ ತೋರಿಸಿಕೊಳ್ಳೋಕೆ ಅವಳ ಹತ್ತಿರ ಏನೂ ಇರಲಿಲ್ಲ. ಹಳೇ ಕೇಸ್ ಶೀಟಲ್ಲಾದ್ರೂ ಕೈಬರಹ, ಸಹಿ ಇರ್ತಿತ್ತು. ಕಾಗದದಲ್ಲಿದ್ದ ಸಹಿಯನ್ನ ನಾವು ಕಂಪ್ಯೂಟರಿಗೆ ಬಂದಾಗ ಕಳ್ಕೊಂಡಿದ್ವಿ. ಅದೂ ಒಂದು ತುಂಡು ಪ್ಲಾಸ್ಟರ್‌ನಿಂದ.

ಮೊದಲ ನೋಟಿಸ್ ಯಾಕೆ ಸೋತಿತು

ಐಟಿ ಕಡೆಗೆ ಬಂದ ಮೇಲೆ ನಾನು ಬರೆದ ಮೊದಲ ನೋಟಿಸ್ ಹೀಗಿತ್ತು: "ಪಾಸ್‌ವರ್ಡ್ ಹಂಚಿಕೊಳ್ಳುವುದು ನಿಷಿದ್ಧ. ತಪ್ಪಿದಲ್ಲಿ ಶಿಸ್ತು ಕ್ರಮ ಜರುಗಿಸಲಾಗುವುದು." ಜೊತೆಗೆ ಕಾನೂನನ್ನೂ ಸೇರಿಸಿದ್ದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ, ಜನರ ಮಾಹಿತಿ ಕಾಪಾಡೋಕೆ ಸರಿಯಾದ ಕ್ರಮ ತಗೊಳ್ಳದಿದ್ರೆ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡ ಬೀಳಬಹುದು. ಅದು ನಿಜವೇ. ಆದ್ರೆ ರಾತ್ರಿ 3 ಗಂಟೆಗೆ 16 ಬೆಡ್ ನೋಡ್ಕೊಳ್ಳೋ ಸಿಸ್ಟರ್‌ಗೆ 250 ಕೋಟಿ ತನ್ನ ತಲೆನೋವು ಅಂತ ಅನ್ನಿಸಲ್ಲ.

ಎಲ್ಲರಿಗೂ ಹೊಸ ಅಕೌಂಟ್ ಕೊಟ್ವಿ, WARD4 ಬಂದ್ ಮಾಡಿದ್ವಿ. ವಾರದೊಳಗೆ ಲಾಗ್ ತೆಗೆದು ನೋಡಿದ್ರೆ ನಗು ಬರೋ ಹಾಗಿತ್ತು. ಒಬ್ಬ ಸಿಸ್ಟರ್ ಹೆಸರಲ್ಲಿ ಸತತ 31 ಗಂಟೆ ಎಂಟ್ರಿ ಆಗಿದೆ. ನಿದ್ದೆ ಇಲ್ಲ, ಊಟ ಇಲ್ಲ, ಮನೆಗೆ ಹೋಗಿಲ್ಲ. ಇನ್ನೊಬ್ಬರು ವಾರದ ರಜೆಯಲ್ಲಿದ್ರೂ ಪೇಷಂಟ್‌ಗೆ ಆಂಟಿಬಯಾಟಿಕ್ ಕೊಟ್ಟಿದ್ದಾರೆ! ನಡೆದಿದ್ದು ಇಷ್ಟೇ: ಶಿಫ್ಟಿಗೆ ಮೊದಲು ಬಂದವರು ತಮ್ಮ ಐಡಿಯಲ್ಲಿ ಒಳಗೆ ಹೋಗಿ ಹಾಗೇ ಬಿಟ್ಟಿದ್ದಾರೆ, ಉಳಿದವರೆಲ್ಲ ಅದರಲ್ಲೇ ಕೆಲಸ ಮಾಡಿದ್ದಾರೆ.

ಇದು ಮೊದಲಿಗಿಂತ ಕೆಟ್ಟದ್ದು. WARD4 ಅಂತಿದ್ರೆ ಯಾರು ಅಂತ ಗೊತ್ತಿಲ್ಲ ಅಂತಾದ್ರೂ ಗೊತ್ತಿರ್ತಿತ್ತು. ಈಗ ಲಾಗ್ ಒಬ್ಬರ ಹೆಸರನ್ನ ಖಚಿತವಾಗಿ ಹೇಳ್ತಿದೆ, ಅದೂ ತಪ್ಪು ಹೆಸರು. ನಿಮ್ಮ ಆಸ್ಪತ್ರೆಯಲ್ಲೂ ಈ ಬದಲಾವಣೆ ಆಗ್ತಿದ್ರೆ ಮೊದಲ ವಾರ ಈ ಎರಡನ್ನ ನೋಡಿ: ಡ್ಯೂಟಿ ರೋಸ್ಟರ್‌ನಲ್ಲಿ ಇಲ್ಲದ ಹೊತ್ತಲ್ಲಿ ಯಾರ ಐಡಿ ಓಡ್ತಿದೆ, ಮತ್ತೆ ಒಂದೇ ಐಡಿ ಒಂದೇ ಹೊತ್ತಲ್ಲಿ ಎರಡು ವಾರ್ಡಲ್ಲಿ ಇದೆಯಾ. ಅಲ್ಲಿ ಹಳೇ ಅಭ್ಯಾಸ ಹೊಸ ಹೆಸರಲ್ಲಿ ಮುಂದುವರಿದಿದೆ ಅಂತ ತಿಳ್ಕೊಳ್ಳಿ.

ಸಿಸ್ಟರ್‌ಗಳನ್ನ ಬೈಯೋ ಮೊದಲು ನನ್ನ 43 ನೆನಪಾಯ್ತು. 36 ನಿಮಿಷದ ಕಾಯುವಿಕೆಯನ್ನ ಹಾಗೇ ಇಟ್ಕೊಂಡು ಬರೀ ನೋಟಿಸ್ ಅಂಟಿಸಿದ್ದೆ. ಅದಕ್ಕೇ ಸೋತದ್ದು.

ಐದು ಸೆಕೆಂಡ್

ಎರಡನೇ ಸಲ ಮೊದಲು ಲಾಗಿನ್ ರಿಪೇರಿ, ಆಮೇಲೆ ನೋಟಿಸ್. ನಮ್ಮ ಕೊರಳಲ್ಲಿ ನೇತಾಡೋ ಐಡಿ ಕಾರ್ಡ್ ಇದೆಯಲ್ಲ, ಅದರೊಳಗೆ ಒಂದು ಚಿಪ್. ಕಂಪ್ಯೂಟರ್ ಪಕ್ಕ ಒಂದು ಚಿಕ್ಕ ರೀಡರ್. ಶಿಫ್ಟ್ ಶುರುವಿನಲ್ಲಿ ಒಂದು ಸಲ ಕಾರ್ಡ್ ತೋರಿಸಿ ಪಾಸ್‌ವರ್ಡ್ ಹಾಕ್ಬೇಕು. ಆಮೇಲೆ ಆ ಶಿಫ್ಟ್ ಮುಗಿಯೋವರೆಗೆ ಬರೀ ಕಾರ್ಡ್ ಮುಟ್ಟಿಸಿದ್ರೆ ನಿಮ್ಮ ಪೇಜ್ ತೆರೆಯುತ್ತೆ. ಇನ್ನೊಬ್ಬರು ಅವರ ಕಾರ್ಡ್ ಮುಟ್ಟಿಸಿದ ಕೂಡಲೇ ನಿಮ್ಮದು ಮುಚ್ಚಿ ಅವರದು ಬರುತ್ತೆ. ಸುಮಾರು 5 ಸೆಕೆಂಡ್. 43 ಸಲ ಅಂದ್ರೂ ನಾಲ್ಕು ನಿಮಿಷದೊಳಗೆ ಮುಗೀತು.

ಕಾರ್ಡ್ ರೀಡರ್ ಕೊಳ್ಳೋಕೆ ಹಣ ಬೇಕು, ಎಲ್ಲ ಆಸ್ಪತ್ರೆಗೂ ಆಗಲ್ಲ. ಅದಿಲ್ಲದಿದ್ರೂ ಒಂದು ದಾರಿ ಇದೆ. ವಿಂಡೋಸ್ ಲಾಗಿನ್ ಒಂದನ್ನ ಎಲ್ಲರಿಗೂ ಬಿಟ್ಟು, ಅದರಲ್ಲಿ ಪೇಷಂಟ್ ಮಾಹಿತಿ ಏನೂ ಸಿಗದ ಹಾಗೆ ಮಾಡಿ, ಒಳಗಿನ ಆಸ್ಪತ್ರೆ ಸಾಫ್ಟ್‌ವೇರ್‌ಗೆ ಮಾತ್ರ ಅವರವರ ಐಡಿ ಕೇಳೋದು. ಹೊತ್ತು ತಿನ್ನೋದು ಹೆಚ್ಚಾಗಿ ಕಂಪ್ಯೂಟರ್ ತೆರೆಯೋದೇ ಹೊರತು ಸಾಫ್ಟ್‌ವೇರ್ ಒಳಗೆ ಹೋಗೋದಲ್ಲ. ನಮ್ಮಲ್ಲಿ ರೀಡರ್ ಇನ್ನೂ ಬರದ ಎರಡು ವಾರ್ಡಲ್ಲಿ ಹೀಗೇ ನಡೀತಿದೆ.

ಆಮೇಲೆ ಹೋದ ಎರಡನೇ ನೋಟಿಸ್ ಇದು. ಪೂರ್ತಿ ಓದ್ತೀನಿ.

*ಎಲ್ಲ ವಾರ್ಡ್ ಸಿಬ್ಬಂದಿಯ ಗಮನಕ್ಕೆ.*

*ಬರುವ ಸೋಮವಾರ ಬೆಳಿಗ್ಗೆ 8 ಗಂಟೆಗೆ ವಾರ್ಡ್ ಹೆಸರಿನ ಎಲ್ಲ ಲಾಗಿನ್‌ಗಳೂ, ಬೇರೆಯವರಿಗೆ ಬಿಟ್ಟುಕೊಟ್ಟ ಲಾಗಿನ್‌ಗಳೂ ನಿಲ್ಲುತ್ತವೆ. ನಿಮ್ಮ ಐಡಿ ಕಾರ್ಡೇ ಇನ್ನು ನಿಮ್ಮ ಲಾಗಿನ್.*

*ಕಾರಣ: ಔಷಧಿ ಕೊಟ್ಟವರು ಯಾರು ಎಂದು ರಾತ್ರಿ ಕೇಳಬೇಕಾಗಿ ಬಂದರೆ, ಕೇಳಬೇಕಾದವರ ಹೆಸರು ಅಲ್ಲಿರಬೇಕು. ನೀವು ಮಾಡದ ಕೆಲಸ ನಿಮ್ಮ ಮೇಲೆ ಬರಬಾರದು.*

*ಕಂಪ್ಯೂಟರ್ ಬಿಟ್ಟು ಹೋಗುವಾಗ ಕಾರ್ಡ್ ಮುಟ್ಟಿಸಿ ಮುಚ್ಚಿ. ರೀಡರ್ ಇಲ್ಲದ ಕಡೆ ಸಾಫ್ಟ್‌ವೇರ್‌ನಿಂದ ಲಾಗ್ ಔಟ್ ಆಗಿ. ಮರೆತರೆ 3 ನಿಮಿಷದಲ್ಲಿ ತಾನೇ ಮುಚ್ಚುತ್ತದೆ.*

*ಕಾರ್ಡ್ ಮರೆತು ಬಂದರೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಆ ದಿನಕ್ಕೆ ಬೇರೆ ಕಾರ್ಡ್ ಸಿಗುತ್ತದೆ. ಅದು ನಿಮ್ಮ ಹೆಸರಿನಲ್ಲೇ ಇರುತ್ತದೆ. ಬೇರೆಯವರ ಕಾರ್ಡ್ ಕೇಳಬೇಡಿ, ನಿಮ್ಮದನ್ನು ಕೊಡಬೇಡಿ.*

*ತುರ್ತಿನಲ್ಲಿ ಲಾಗಿನ್ ಆಗದಿದ್ದರೆ ಚಿಕಿತ್ಸೆ ನಿಲ್ಲಿಸಬೇಡಿ. ಟ್ರಾಲಿಯಲ್ಲಿರುವ ಹಳದಿ ಹಾಳೆಯಲ್ಲಿ ಬರೆದು ಸಹಿ ಮಾಡಿ, ನಂತರ ನಿಮ್ಮ ಐಡಿಯಲ್ಲಿ ಎಂಟ್ರಿ ಮಾಡಿ.*

ಇಷ್ಟೇ. ಶಿಸ್ತು ಕ್ರಮ, 250 ಕೋಟಿ ಎರಡನ್ನೂ ತೆಗೆದೆ. ಹಳದಿ ಹಾಳೆಯ ಸಾಲು ಸೇರಿಸಿದ್ದು ವಾರ್ಡ್‌ನವರು ಕೇಳಿದ ಒಂದೇ ಪ್ರಶ್ನೆಯಿಂದ: "ಪೇಷಂಟ್ ಕುಸಿದು ಬಿದ್ದಾಗ ಕಾರ್ಡ್ ಹುಡುಕ್ತಾ ಕೂರ್ಬೇಕಾ ಮೇಡಂ?" ಖಂಡಿತ ಬೇಡ. ಜೀವ ಮೊದಲು, ಎಂಟ್ರಿ ಆಮೇಲೆ. ಆ ದಾರಿಯನ್ನ ನಾವೇ ತೋರಿಸದಿದ್ರೆ, ತುರ್ತಿಗಿರಲಿ ಅಂತ ಯಾರಾದ್ರೂ ಮತ್ತೆ ಒಂದು ಪ್ಲಾಸ್ಟರ್ ಹರೀತಾರೆ.

ನೀವು ಪೇಷಂಟ್ ಆದಾಗ

ಇದು ನರ್ಸ್‌ಗಳ ವಿಷಯ, ನಮಗೇನು ಅಂತ ಕೆಲವರಿಗೆ ಅನ್ನಿಸ್ತಿರಬಹುದು. ಒಂದು ಲೆಕ್ಕ ಹೇಳ್ತೀನಿ. WARD4 ಪಾಸ್‌ವರ್ಡ್ ನಾನು ಎಷ್ಟು ಜನಕ್ಕೆ ಹೇಳಿದ್ದೆ ಅಂತ ಕೂತು ಪಟ್ಟಿ ಮಾಡಿದೆ. ಸಿಸ್ಟರ್‌ಗಳು, ಬ್ರದರ್‌ಗಳು, ನರ್ಸಿಂಗ್ ಸ್ಟೂಡೆಂಟ್‌ಗಳು, ಬಿಲ್ಲಿಂಗ್‌ನ ಇಬ್ಬರು, ಸಹಾಯಕ್ಕೆ ಬಂದ ಒಬ್ಬ ಅಟೆಂಡರ್. 31 ಜನ ಆದ್ರು. ಅದರಲ್ಲಿ 12 ಜನ ಆಗಲೇ ಕೆಲಸ ಬಿಟ್ಟು ಹೋಗಿದ್ರು. ಪ್ಲಾಸ್ಟರ್ ನೋಡಿಯೇ ತಿಳ್ಕೊಂಡವರನ್ನ ನಾನು ಎಣಿಸೋಕೂ ಆಗಲ್ಲ.

ಒಬ್ಬರ ಅಕೌಂಟ್ ಒಬ್ಬರದೇ ಆಗಿದ್ರೆ, ಅವರು ಕೆಲಸ ಬಿಟ್ಟ ಸಂಜೆಯೇ ಅದನ್ನ ಮುಚ್ಚಬಹುದು. ಹಂಚಿಕೊಂಡ ಪಾಸ್‌ವರ್ಡ್ ಆದ್ರೆ ಒಬ್ಬರು ಬಿಟ್ಟಾಗ ಬದಲಾಯಿಸಿ ಉಳಿದ ಎಲ್ಲರಿಗೂ ಹೊಸದಾಗಿ ಹೇಳ್ಬೇಕು. ಅದಕ್ಕೇ ಯಾರೂ ಬದಲಾಯಿಸಲ್ಲ. ನಾನು 3 ವರ್ಷ ಬದಲಾಯಿಸಿರಲಿಲ್ಲ.

ಇನ್ನೊಂದು ವಿಷಯ. ಹಂಚಿಕೊಂಡ ಲಾಗಿನ್‌ಗೆ ಎಲ್ಲರ ಕೆಲಸವೂ ಆಗ್ಬೇಕು ಅಂತ ಎಲ್ಲ ಬಾಗಿಲೂ ತೆರೆದಿರುತ್ತೆ. ಬಿಲ್ಲಿಂಗ್‌ನವರಿಗೆ ರೂಮ್ ಚಾರ್ಜ್ ಸಾಕು, ಆದ್ರೆ WARD4ರಲ್ಲಿ ಬಂದ್ರೆ ಲ್ಯಾಬ್ ರಿಪೋರ್ಟೂ ಕಾಣುತ್ತೆ. ನೀವು ಅಡ್ಮಿಟ್ ಆಗಿದ್ದೀರಿ ಅಂದ್ಕೊಳ್ಳಿ. ನಿಮ್ಮ ಪ್ರೆಗ್ನೆನ್ಸಿ ಟೆಸ್ಟ್, ಎಚ್ಐವಿ ಟೆಸ್ಟ್, ಮಾನಸಿಕ ಆರೋಗ್ಯದ ಮಾತ್ರೆ, ಇದೆಲ್ಲ ನಿಮ್ಮ ಊರಿನ ಪರಿಚಯದವರೊಬ್ಬರು ಕುತೂಹಲಕ್ಕೆ ನೋಡಿ ಮನೆಗೆ ಫೋನ್ ಮಾಡಿದ್ರು. ಯಾರು ನೋಡಿದ್ದು ಅಂತ ನೀವು ದೂರು ಕೊಟ್ರೆ ಆಸ್ಪತ್ರೆ ಕೊಡೋ ಉತ್ತರ "WARD4" ಅಂತ. ಎಚ್ಐವಿ ಬಗ್ಗೆಯಂತೂ ಗುಟ್ಟು ಕಾಪಾಡ್ಬೇಕು ಅಂತ 2017ರಲ್ಲೇ ಬೇರೆ ಕಾಯ್ದೆ ಬಂದಿದೆ. ಆದ್ರೆ ನೋಡಿದವರು ಯಾರು ಅಂತಲೇ ಗೊತ್ತಾಗದಿದ್ರೆ ಕಾಯ್ದೆ ಯಾರನ್ನ ಹಿಡಿಯುತ್ತೆ?

ಲಾಗ್ ಏನು ಹೇಳಲ್ಲ

ಇದರ ಮಿತಿಯನ್ನೂ ಹೇಳಿಬಿಡ್ತೀನಿ. ಲಾಗ್‌ನಲ್ಲಿರೋದು ಯಾರ ಕಾರ್ಡಿಂದ ಏನು ಟೈಪ್ ಆಯ್ತು ಅನ್ನೋದು ಮಾತ್ರ. ಸೂಜಿ ನಿಜಕ್ಕೂ ಚುಚ್ಚಿತಾ, ಎಷ್ಟು ಎಳೆದಿದ್ರು ಅಂತ ಅದು ನೋಡಿಲ್ಲ. ಅಜ್ಜನ ವಿಷಯದಲ್ಲಿ ಎರಡೂ ಸಾಲಲ್ಲಿ ಒಂದೇ ಸಿಸ್ಟರ್ ಐಡಿ ಇದ್ದಿದ್ರೂ, "ಒಂದು ಸಲ ಕೊಟ್ರಾ, ಎರಡು ಸಲ ಕೊಟ್ರಾ" ಅಂತ ಅವರನ್ನ ಕೇಳಲೇಬೇಕಿತ್ತು. ಲಾಗ್ ತೀರ್ಪು ಕೊಡಲ್ಲ. ಯಾರನ್ನ ಕೇಳ್ಬೇಕು ಅಂತ ಹೇಳುತ್ತೆ.

ಅಷ್ಟೇ ಸಾಕು ಅಂತ ಗೊತ್ತಾಗಿದ್ದು ಎರಡನೇ ನೋಟಿಸ್ ಹೋಗಿ ಒಂದೂವರೆ ತಿಂಗಳಿಗೆ. ಮಧ್ಯಾಹ್ನ 2ರ ಶಿಫ್ಟ್ ಬದಲಾವಣೆ ಹೊತ್ತು. ಹನ್ನೆರಡನೇ ಬೆಡ್‌ನ ಪೇಜಲ್ಲಿ ಎರಡು ಸಾಲು ಕಂಡವು.

```
14:06  N2147  PARACETAMOL 1 G IV  GIVEN  BED 12
14:21  N2189  PARACETAMOL 1 G IV  GIVEN  BED 12
```

ಅದೇ ಕಥೆ. ಒಂದೇ ಬೆಡ್, ಒಂದೇ ಔಷಧಿ, 15 ನಿಮಿಷದ ಅಂತರ. ಎರಡು ಡೋಸ್ ನಡುವೆ ಕಡಿಮೆ ಅಂದ್ರೂ 4 ಗಂಟೆ ಇರ್ಬೇಕು. ಆದ್ರೆ ಈ ಸಲ ಎರಡು ಸಾಲಿಗೆ ಎರಡು ನಂಬರ್ ಇತ್ತು. ಇನ್‌ಚಾರ್ಜ್ ಸಿಸ್ಟರ್ ಎರಡನೇ ನಂಬರಿನ ಬ್ರದರ್‌ನ ಕರೆದು ಕೇಳಿದ್ರು. ಅವನು ಒಂದು ಕ್ಷಣ ಪರದೆ ನೋಡಿ ತಲೆ ಚಚ್ಚಿಕೊಂಡ. "ಅಯ್ಯೋ ಸಿಸ್ಟರ್, ನಾನು ಕೊಟ್ಟಿದ್ದು ಆರನೇ ಬೆಡ್‌ಗೆ. ಪೇಜ್ ತಪ್ಪಿ ಹನ್ನೆರಡರಲ್ಲಿ ಎಂಟ್ರಿ ಮಾಡಿಬಿಟ್ಟೆ."

ಹನ್ನೆರಡನೇ ಬೆಡ್‌ನವರಿಗೆ ಏನೂ ಜಾಸ್ತಿ ಹೋಗಿರಲಿಲ್ಲ. ಅಪಾಯ ಇದ್ದದ್ದು ಆರನೇ ಬೆಡ್‌ನಲ್ಲಿ. ಅಲ್ಲಿ ಔಷಧಿ ಹೋಗಿದೆ, ಎಂಟ್ರಿ ಆಗಿಲ್ಲ, "ಬಾಕಿ" ಅಂತ ಕೆಂಪಾಗಿ ತೋರಿಸ್ತಿದೆ. ಇನ್ನು ಹತ್ತು ನಿಮಿಷ ಬಿಟ್ಟಿದ್ರೆ ಬೇರೆ ಯಾರಾದ್ರೂ ಅದನ್ನ ನೋಡಿ ಎರಡನೇ ಡೋಸ್ ಹಾಕ್ತಿದ್ರು. ಕೇಳಿ, ತಿದ್ದಿ, ಸರಿ ಮಾಡೋಕೆ ಐದು ನಿಮಿಷ ಹಿಡೀತು. ಯಾರಿಗೂ ಮೆಮೊ ಹೋಗಲಿಲ್ಲ. ಆ ಬ್ರದರ್ ಕೆಲಸಕ್ಕೆ ಸೇರಿ ಮೂರೇ ವಾರ ಆಗಿತ್ತು.

ಆ ಸಂಜೆ ಮನೆಗೆ ಹೋಗಿ, ಹಿಂದೆ ಕೆಲಸ ಬಿಟ್ಟು ಹೋಗಿದ್ದ ಆ ಹುಡುಗಿಯ ನಂಬರ್ ಹುಡುಕಿದೆ. ಬೇರೆ ಊರಿನ ಆಸ್ಪತ್ರೆಯಲ್ಲಿದ್ದಾಳೆ. ನೋಟಿಸ್‌ನ ಫೋಟೋ ಕಳಿಸಿ, ಇದನ್ನ ಮೂರು ವರ್ಷ ಮುಂಚೆ ಬರೀಬೇಕಿತ್ತು, ತಪ್ಪಾಯ್ತಮ್ಮ ಅಂತ ಬರೆದೆ. ತುಂಬಾ ಹೊತ್ತು ನೀಲಿ ಟಿಕ್ ಹಾಗೇ ಇತ್ತು. ಆಮೇಲೆ ಉತ್ತರ ಬಂತು: "ಇಲ್ಲಿ ಸೇರಿದ ಮೊದಲ ದಿನಾನೇ ನನ್ನ ಐಡಿ ಕೊಟ್ರು ಮೇಡಂ. ನಾನು ಅದನ್ನ ಯಾರಿಗೂ ಕೊಡಲ್ಲ."